ಮೆಶ್ ಸಣ್ಣದಾದಂತೆ ಉತ್ತರ ಎತ್ತ ಸಾಗುತ್ತದೆ?

ಗೋಡೆಗೆ ಎರಡು ಬೋಲ್ಟ್ ಬಿಗಿದು ಕೂರಿಸುವ ಎಲ್ ಆಕಾರದ ಕಬ್ಬಿಣದ ಬ್ರ್ಯಾಕೆಟ್ ಎಲ್ಲರೂ ಕಂಡಿರುವ ವಸ್ತು. ಏಸಿಯ ಹೊರಗಿನ ಪೆಟ್ಟಿಗೆ, ನೀರಿನ ಪೈಪು, ಅಂಗಡಿಯ ಬೋರ್ಡು, ಕಾರ್ಖಾನೆಯ ಕೇಬಲ್ ಟ್ರೇ ಹೀಗೆ ಎಷ್ಟೋ ಭಾರಗಳು ಅದರ ಮೇಲೆ ಕೂತಿವೆ. ಇಂಥ ಒಂದು ಬ್ರ್ಯಾಕೆಟ್ ಹೊರೆ ತಡೆದೀತೇ ಎಂದು ಕಂಪ್ಯೂಟರಿನಲ್ಲಿ ನೋಡುವುದು ಈಗ ಕಷ್ಟದ ಕೆಲಸವಲ್ಲ. ಫ್ರೀಕ್ಯಾಡ್‌ನಂಥ ಉಚಿತ ತಂತ್ರಾಂಶದಲ್ಲಿ ಚಿತ್ರ ಬರೆದು, ಹೊರೆ ಹಾಕಿ, ಒಂದು ಬಟನ್ ಒತ್ತಿದರೆ ನೀಲಿಯಿಂದ ಕೆಂಪಿನವರೆಗೆ ಬಣ್ಣ ಬಳಿದ ಚಿತ್ರ ಬರುತ್ತದೆ. ಕೆಂಪು ಇರುವಲ್ಲಿ ಸ್ಟ್ರೆಸ್ ಹೆಚ್ಚು, ಪಕ್ಕದಲ್ಲಿ ಅದರ ಅಂಕಿ. ಆ ಅಂಕಿಯನ್ನು ಎಷ್ಟು ನಂಬಬಹುದು ಎನ್ನುವುದು ಮಾತ್ರ ಒಂದು ಚಿತ್ರದಿಂದ ತಿಳಿಯುವುದಿಲ್ಲ. ಅದೇ ಲೆಕ್ಕವನ್ನು ಮೆಶ್ ಬದಲಿಸಿ ಮತ್ತೆ ಮತ್ತೆ ಮಾಡಿ, ಉತ್ತರ ಯಾವ ಕಡೆಗೆ ಸಾಗುತ್ತಿದೆ ಎಂದು ನೋಡಬೇಕು. ಒಂದು ಜಾಗದಲ್ಲಿ ಅದು ನೆಲೆ ನಿಲ್ಲುತ್ತದೆಯೇ, ಇಲ್ಲವೇ ಏರುತ್ತಲೇ ಹೋಗುತ್ತದೆಯೇ ಎನ್ನುವುದರಲ್ಲಿ ಬಣ್ಣದ ಚಿತ್ರಕ್ಕಿಂತ ಹೆಚ್ಚಿನ ಸುದ್ದಿ ಇರುತ್ತದೆ.

ಒಂದು ನಿರ್ದಿಷ್ಟ ಬ್ರ್ಯಾಕೆಟನ್ನು ಎತ್ತಿಕೊಳ್ಳೋಣ. ಅಗಲ 50 ಮಿ.ಮೀ., ದಪ್ಪ 6 ಮಿ.ಮೀ. ಇರುವ ಮೈಲ್ಡ್ ಸ್ಟೀಲ್ ಪಟ್ಟಿ. ಒಂದು ತೋಳು ಗೋಡೆಗೆ ಆತು ಮೇಲಕ್ಕೆ ಹೋಗುತ್ತದೆ, ಅದರಲ್ಲಿ ಬೋಲ್ಟಿನ ತೂತುಗಳಿವೆ. ಇನ್ನೊಂದು ತೋಳು ಕೆಳತುದಿಯಿಂದ ನಮ್ಮ ಕಡೆಗೆ ಅಡ್ಡಲಾಗಿ ಚಾಚಿದೆ. ನಿಂತ ತೋಳಿನ ಒಳಮುಖದಿಂದ 80 ಮಿ.ಮೀ. ದೂರದಲ್ಲಿ, ನೀರು ತುಂಬಿದ ಪೈಪೊಂದು ಅಡ್ಡ ತೋಳಿನ ಮೇಲೆ 500 ನ್ಯೂಟನ್ ಹೊರೆ ಹಾಕುತ್ತದೆ, ಅಂದರೆ ಸುಮಾರು 51 ಕಿಲೋ. ಹೊರೆ ಬಿದ್ದಾಗ ಎಲ್ ಆಕಾರದ ಮೂಲೆ ಬಿಚ್ಚಿಕೊಳ್ಳಲು ನೋಡುತ್ತದೆ, ಆದ್ದರಿಂದ ಒಳಮೂಲೆಯ ಮೇಲ್ಮೈಯಲ್ಲಿ ಲೋಹ ಎಳೆತಕ್ಕೆ ಸಿಕ್ಕುತ್ತದೆ. ಲೋಹ ಐಎಸ್ 2062 ಮಾನಕದ ಇ250 ದರ್ಜೆಯದು. ಈ ದಪ್ಪದಲ್ಲಿ ಅದರ ಯೀಲ್ಡ್ ಮಿತಿ 250 ಮೆಗಾಪಾಸ್ಕಲ್, ಅಂದರೆ ಪ್ರತಿ ಚದರ ಮಿಲಿಮೀಟರಿಗೆ 250 ನ್ಯೂಟನ್. ಅದನ್ನು ದಾಟಿದರೆ ಹೊರೆ ತೆಗೆದ ಮೇಲೂ ಲೋಹ ಮೊದಲಿನ ಆಕಾರಕ್ಕೆ ಮರಳುವುದಿಲ್ಲ.

ಕಂಪ್ಯೂಟರ್ ಮುಟ್ಟುವ ಮೊದಲು ಕಾಗದದ ಮೇಲೆ ಒಂದು ಲೆಕ್ಕ ಮಾಡಿಕೊಳ್ಳಲೇಬೇಕು. ನಿಂತ ತೋಳಿನ ದಪ್ಪದ ನಡುವಿನಿಂದ ಹೊರೆಗೆ 83 ಮಿ.ಮೀ. ದೂರ. ಹಾಗಾಗಿ ಬಾಗಿಸುವ ಮೊಮೆಂಟ್ 500 × 83, ಅಂದರೆ 41,500 ನ್ಯೂಟನ್-ಮಿಲಿಮೀಟರ್. ಪಟ್ಟಿಯ ಸೆಕ್ಷನ್ ಮಾಡ್ಯುಲಸ್, ಅಂದರೆ ಆ ಅಡ್ಡಕೊಯ್ತ ಬಾಗುವಿಕೆಯನ್ನು ಎಷ್ಟು ತಡೆದೀತು ಎನ್ನುವ ಅಳತೆ, ಅಗಲವನ್ನು ದಪ್ಪದ ವರ್ಗದಿಂದ ಗುಣಿಸಿ ಆರರಿಂದ ಭಾಗಿಸಿದರೆ ಸಿಗುತ್ತದೆ.

```
Z = 50 × 6² / 6 = 300 mm³
σ = M / Z = 41500 / 300 ≈ 138 MPa
```

ಯೀಲ್ಡ್ ಮಿತಿಯನ್ನು ಇದರಿಂದ ಭಾಗಿಸಿದರೆ 1.8. ಪಟ್ಟಿ ಮೂಲೆಯಿಲ್ಲದೆ ನೇರವಾಗಿದ್ದಿದ್ದರೆ ಉತ್ತರ ಇಷ್ಟೇ. ಮುಂದೆ ಕಂಪ್ಯೂಟರ್ ಕೊಡುವ ಅಂಕಿ 14 ಎಂದೋ 1,400 ಎಂದೋ ಬಂದರೆ, ಎಲ್ಲೋ ಅಳತೆಯ ಮಾನ ತಪ್ಪಿದೆ ಎಂದು ಹೇಳುವ ಸಾಕ್ಷಿ ಈ 138. ಇಂಥ ತಪ್ಪು ಅಪರೂಪವೂ ಅಲ್ಲ. ಲೆಕ್ಕ ಬಿಡಿಸುವ ಕ್ಯಾಲ್ಕ್ಯುಲಿಕ್ಸ್‌ನಂಥ ಸಾಲ್ವರ್‌ಗೆ ಮಿಲಿಮೀಟರ್, ಮೀಟರ್ ಎಂಬ ಭೇದ ಗೊತ್ತಿಲ್ಲ, ಅದಕ್ಕೆ ಕಾಣುವುದು ಬರಿಯ ಸಂಖ್ಯೆಗಳು. ಉದ್ದ ಮಿಲಿಮೀಟರಿನಲ್ಲಿ, ಬಲ ನ್ಯೂಟನ್‌ನಲ್ಲಿ ಇದ್ದರೆ ಉಕ್ಕಿನ ಯಂಗ್ಸ್ ಮಾಡ್ಯುಲಸನ್ನು 2,00,000 ಮೆಗಾಪಾಸ್ಕಲ್ ಎಂದೇ ಕೊಡಬೇಕು. ಸ್ಟ್ರೆಸ್ ಆಗ ಮೆಗಾಪಾಸ್ಕಲ್‌ನಲ್ಲೇ ಬರುತ್ತದೆ.

ಈಗ ಕಂಪ್ಯೂಟರ್ ಏನು ಮಾಡುತ್ತದೆ ಎನ್ನುವುದು. ಇಡೀ ಬ್ರ್ಯಾಕೆಟನ್ನು ಅದು ಸಾವಿರಾರು ಪುಟ್ಟ ತುಂಡುಗಳಾಗಿ ಒಡೆಯುತ್ತದೆ. ಒಂದೊಂದು ತುಂಡೂ ಒಂದು ಎಲಿಮೆಂಟ್, ತುಂಡುಗಳು ಒಂದನ್ನೊಂದು ಹಿಡಿದುಕೊಂಡಿರುವ ಬಿಂದುಗಳು ನೋಡ್‌ಗಳು, ಎಲ್ಲ ಸೇರಿ ಮೆಶ್. ಹೊರೆ ಬಿದ್ದಾಗ ಪ್ರತಿ ನೋಡ್ ಎಷ್ಟು ಸರಿಯುತ್ತದೆ ಎನ್ನುವುದೇ ಅಜ್ಞಾತ ಸಂಖ್ಯೆ. ಎಲಿಮೆಂಟಿನ ಒಳಗೆ ಈ ಸರಿತ ಒಂದು ಸರಳ ರೀತಿಯಲ್ಲಿ ಬದಲಾಗುತ್ತದೆ ಎಂದು ಊಹಿಸಿ, ಎಲ್ಲ ನೋಡ್‌ಗಳಲ್ಲೂ ಬಲಗಳು ಸರಿದೂಗುವಂತೆ ಸಮೀಕರಣಗಳನ್ನು ಕಟ್ಟಿ ಒಟ್ಟಿಗೆ ಬಿಡಿಸಲಾಗುತ್ತದೆ. 1956ರಲ್ಲಿ ಟರ್ನರ್, ಕ್ಲಫ್, ಮಾರ್ಟಿನ್, ಟಾಪ್ ಎಂಬ ನಾಲ್ವರು ವಿಮಾನದ ರಚನೆಗಳಿಗಾಗಿ ಈ ವಿಧಾನದ ಮೇಲೆ ಬರೆದ ಪ್ರಬಂಧ ಪ್ರಸಿದ್ಧವಾಯಿತು. 1960ರಲ್ಲಿ ಕ್ಲಫ್ ಇದನ್ನು ಫೈನೈಟ್ ಎಲಿಮೆಂಟ್ ಎಂದು ಕರೆದರು.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಕಂಪ್ಯೂಟರ್ ನೇರವಾಗಿ ಕಂಡುಹಿಡಿಯುವುದು ನೋಡ್‌ಗಳ ಸರಿತವನ್ನು ಮಾತ್ರ. ಅಕ್ಕಪಕ್ಕದ ನೋಡ್‌ಗಳ ಸರಿತ ಎಷ್ಟು ಬೇಗ ಬದಲಾಗುತ್ತಿದೆ ಎನ್ನುವುದರಿಂದ ಸ್ಟ್ರೆಸ್ಸನ್ನು ಆಮೇಲೆ ಹೊರತೆಗೆಯುತ್ತಾರೆ. ಆದ್ದರಿಂದ ದಪ್ಪ ದಪ್ಪ ಎಲಿಮೆಂಟ್‌ಗಳ ಮೆಶ್‌ನಲ್ಲೂ ಬ್ರ್ಯಾಕೆಟ್ ಎಷ್ಟು ಬಾಗಿತು ಎಂಬ ಉತ್ತರ ಸಾಕಷ್ಟು ಸರಿಯಾಗಿಯೇ ಬಂದುಬಿಡುತ್ತದೆ. ಮೂಲೆಯಲ್ಲಿ ಸ್ಟ್ರೆಸ್ ಎಷ್ಟು ಎನ್ನುವುದು ಹಾಗಲ್ಲ, ಅದಕ್ಕೆ ಇನ್ನೂ ಸಣ್ಣ ಮೆಶ್ ಬೇಕು. ಬಾಗಿದ ಅಳತೆಯನ್ನು ಮಾತ್ರ ಹೋಲಿಸಿ ಮೆಶ್ ಸಾಕಾಯಿತು ಎಂದು ತೀರ್ಮಾನಿಸಿದವರು ಸ್ಟ್ರೆಸ್ಸಿನ ವಿಷಯದಲ್ಲಿ ಮೋಸಹೋಗುವುದು ಇದಕ್ಕೇ.

ಎಲಿಮೆಂಟಿನ ಜಾತಿಯೂ ಮುಖ್ಯ. ತಂತ್ರಾಂಶಗಳು ಸಾಮಾನ್ಯವಾಗಿ ನಾಲ್ಕು ಮುಖದ ಪುಟ್ಟ ಪಿರಮಿಡ್ಡುಗಳಿಂದ ಮೆಶ್ ಕಟ್ಟುತ್ತವೆ. ಮೂಲೆಗಳಲ್ಲಿ ಮಾತ್ರ ನೋಡ್ ಇರುವ ನಾಲ್ಕು ನೋಡ್‌ಗಳ ಎಲಿಮೆಂಟಿಗೆ ಕ್ಯಾಲ್ಕ್ಯುಲಿಕ್ಸ್‌ನಲ್ಲಿ `C3D4` ಎಂದು ಹೆಸರು. ಅದರ ಒಳಗೆ ಎಲ್ಲ ಕಡೆ ಒಂದೇ ಸ್ಟ್ರೆಸ್. ಬಾಗುವ ಪಟ್ಟಿಯಲ್ಲಿ ಒಂದು ಮುಖ ಎಳೆತದಲ್ಲಿ, ಇನ್ನೊಂದು ಮುಖ ಒತ್ತಿನಲ್ಲಿ ಇರುವುದರಿಂದ ಇಂಥ ಎಲಿಮೆಂಟ್‌ಗಳು ಸಲೀಸಾಗಿ ಬಾಗಲಾರವು. ಫಲಿತಾಂಶದಲ್ಲಿ ಪಟ್ಟಿ ನಿಜಕ್ಕಿಂತ ಬಹಳ ಬಿಗಿಯಾಗಿ ಕಾಣುತ್ತದೆ. ಅಂಚುಗಳ ನಡುವೆಯೂ ನೋಡ್ ಇರುವ ಹತ್ತು ನೋಡ್‌ಗಳ `C3D10` ಬಾಗುವಿಕೆಯನ್ನು ಚೆನ್ನಾಗಿ ಹಿಡಿಯುತ್ತದೆ, ಮೂಲೆಯ ದುಂಡನ್ನೂ ಹೆಚ್ಚು ನಿಷ್ಠೆಯಿಂದ ಅನುಸರಿಸುತ್ತದೆ. ಬ್ರ್ಯಾಕೆಟಿನಂಥ ಕೆಲಸಕ್ಕೆ ಎರಡನೆಯದನ್ನೇ ಆರಿಸಿಕೊಳ್ಳಬೇಕು. ಮೊದಲನೆಯದರಲ್ಲಿ ಮೆಶ್ ಸಣ್ಣದು ಮಾಡುತ್ತಾ ಹೋಗುವುದು ಸಮಯದ ದಂಡ.

ಬ್ರ್ಯಾಕೆಟನ್ನು ಮೊದಲ ಬಾರಿಗೆ ಬರೆಯುವವರು ಎರಡು ಆಯತಗಳನ್ನು ಜೋಡಿಸಿ ಎಲ್ ಮಾಡುತ್ತಾರೆ. ಒಳಮೂಲೆ ಕತ್ತರಿಸಿದಂತೆ 90 ಡಿಗ್ರಿಯಲ್ಲಿ ಚೂಪಾಗಿರುತ್ತದೆ. ಅದಕ್ಕೆ 3 ಮಿ.ಮೀ. ಅಳತೆಯ ಮೆಶ್ ಹಾಕಿ ಲೆಕ್ಕ ಮಾಡಿದಾಗ ಮೂಲೆಯಲ್ಲಿ 150 ಮೆಗಾಪಾಸ್ಕಲ್ ಬಂತೆಂದು ಇಟ್ಟುಕೊಳ್ಳೋಣ. ಕೈಲೆಕ್ಕದ 138ಕ್ಕೆ ಹತ್ತಿರವೇ ಇದೆ, ಯೀಲ್ಡ್ ಮಿತಿಯ ಕೆಳಗೂ ಇದೆ. ಇಲ್ಲಿಗೇ ನಿಲ್ಲಿಸಿ ವರದಿ ಬರೆಯುವ ಆಸೆ ಯಾರಿಗಾದರೂ ಆದೀತು. ನಿಲ್ಲಿಸದೆ ಮೂಲೆಯ ಸುತ್ತ ಮೆಶ್ ಅಳತೆಯನ್ನು ಅರ್ಧಕ್ಕೆ ಇಳಿಸಿದರೆ ಅಂಕಿ ಸುಮಾರು 205 ಆಗುತ್ತದೆ. ಇನ್ನೂ ಅರ್ಧ ಮಾಡಿದರೆ 281, ಮತ್ತೂ ಅರ್ಧಕ್ಕೆ 386, ಅದರ ಮುಂದಿನದು 529. ಇ250 ಉಕ್ಕು ಹರಿದುಹೋಗುವ ಮಿತಿ 410 ಎಂಬುದನ್ನು ನೆನೆದರೆ, ಪರದೆಯ ಮೇಲಿನ ಬ್ರ್ಯಾಕೆಟ್ ಈ ವೇಳೆಗೆ ಎರಡು ತುಂಡಾಗಿರಬೇಕಿತ್ತು. ಹೊರೆ ಮಾತ್ರ ಅದೇ 51 ಕಿಲೋ.

ಈ ಏರಿಕೆ ಎಲ್ಲೂ ನಿಲ್ಲುವುದಿಲ್ಲ. 1952ರಲ್ಲಿ ಎಂ. ಎಲ್. ವಿಲಿಯಮ್ಸ್ ಎಂಬ ವಿಜ್ಞಾನಿ ಚೂಪು ಒಳಮೂಲೆಗಳ ಗಣಿತವನ್ನು ಬಿಡಿಸಿ ತೋರಿಸಿದ್ದರು. ಸ್ಥಿತಿಸ್ಥಾಪಕತೆಯ ಸಿದ್ಧಾಂತದ ಪ್ರಕಾರ ಅಂಥ ಮೂಲೆಯ ತುದಿಯಲ್ಲಿ ಸ್ಟ್ರೆಸ್ ಅನಂತ. ತುದಿಯಿಂದ `r` ದೂರದಲ್ಲಿ ಅದು `r` ನ ಒಂದು ಋಣ ಘಾತದಂತೆ ಏರುತ್ತದೆ, 90 ಡಿಗ್ರಿ ಒಳಮೂಲೆಗೆ ಆ ಘಾತ ಸುಮಾರು −0.455. ಹಾಗಾಗಿ ಎಲಿಮೆಂಟಿನ ಅಳತೆ ಅರ್ಧವಾದಾಗಲೆಲ್ಲ ಅಂಕಿ ಹೆಚ್ಚುಕಡಿಮೆ 1.37 ಪಟ್ಟು ಹೆಚ್ಚುತ್ತದೆ. ಮೇಲೆ ಕೊಟ್ಟ ಸಾಲು ಬಂದದ್ದು ಹಾಗೆ. ಕಂಪ್ಯೂಟರ್ ತಪ್ಪು ಲೆಕ್ಕ ಮಾಡುತ್ತಿಲ್ಲ. ಉತ್ತರವೇ ಅನಂತವಾಗಿರುವ ಪ್ರಶ್ನೆಗೆ ಪ್ರತಿ ಮೆಶ್ ತನ್ನ ಅಳತೆಗೆ ತಕ್ಕ ಒಂದೊಂದು ಅಂಕಿ ಕೊಡುತ್ತಿದೆ, ಅಷ್ಟೆ. ಮೊದಲು ಬಂದ 150ಕ್ಕೂ ಲೋಹಕ್ಕೂ ಸಂಬಂಧವಿರಲಿಲ್ಲ. 3 ಮಿ.ಮೀ. ಬದಲು 2 ಮಿ.ಮೀ. ಎಂದು ಒತ್ತಿದ್ದರೆ ಬೇರೆ ಅಂಕಿ ಬರುತ್ತಿತ್ತು.

ಮೆಶ್ ಅರ್ಧ ಮಾಡಿದಾಗಲೆಲ್ಲ ಸ್ಟ್ರೆಸ್ ಒಂದೇ ಪಟ್ಟಿನಲ್ಲಿ ಏರುತ್ತಿದೆ, ಕೆಂಪು ಬಣ್ಣ ಮಾತ್ರ ಕುಗ್ಗುತ್ತಾ ಒಂದು ಗೆರೆಗೋ ಬಿಂದುವಿಗೋ ಅಂಟಿಕೊಳ್ಳುತ್ತಿದೆ ಎಂದರೆ ಅಲ್ಲಿರುವುದು ಸಿಂಗ್ಯುಲಾರಿಟಿ. ಚೂಪು ಒಳಮೂಲೆ ಇದರ ಒಂದು ತವರು. ಬಲವನ್ನು ಒಂದೇ ನೋಡ್ ಮೇಲೆ ಹಾಕಿದರೆ ಅಲ್ಲಿಯೂ ಹೀಗೇ, ತೂತಿನ ಅಂಚನ್ನು ಪೂರ್ತಿ ಅಲುಗದಂತೆ ಕಟ್ಟಿಹಾಕಿದರೆ ಅಲ್ಲಿಯೂ ಹೀಗೇ. ಕಟ್ಟಿಹಾಕಿದ ತೂತಿನ ಅಂಚಿನಲ್ಲಿ ಕಾಣುವ ಕೆಂಪನ್ನು ನೋಡಿ ಬೋಲ್ಟಿನ ಜಾಗ ದುರ್ಬಲ ಎಂದು ಹೊಸಬರು ಹೇಳಿಬಿಡುತ್ತಾರೆ. ಆ ಗಲಾಟೆ ಅಂಚಿನಿಂದ ಪಟ್ಟಿಯ ದಪ್ಪದಷ್ಟೋ ತೂತಿನ ವ್ಯಾಸದಷ್ಟೋ ದೂರ ಹೋಗುವಷ್ಟರಲ್ಲಿ ಬಹುಪಾಲು ಅಡಗಿರುತ್ತದೆ. ಆ ದೂರದಾಚೆಗಿನ ಅಂಕಿಗಳನ್ನು ಅದು ಕೆಡಿಸುವುದಿಲ್ಲ.

ನಿಜವಾದ ಬ್ರ್ಯಾಕೆಟಿನಲ್ಲಿ ಅನಂತ ಚೂಪಿನ ಮೂಲೆ ಇರುವುದೇ ಇಲ್ಲ. ನಮ್ಮ ಪಟ್ಟಿಯನ್ನು ಪ್ರೆಸ್ ಬ್ರೇಕ್ ಯಂತ್ರದಲ್ಲಿ ಬೆಂಡ್ ಮಾಡುತ್ತಾರೆ. ಬೆಂಡ್ ಮಾಡುವಾಗ ಲೋಹ ಬಿರುಕು ಬಿಡಬಾರದೆಂದು ಒಳಗಿನ ತ್ರಿಜ್ಯವನ್ನು ಸಾಮಾನ್ಯವಾಗಿ ಪಟ್ಟಿಯ ದಪ್ಪದಷ್ಟಾದರೂ ಇಡುತ್ತಾರೆ. ಇಲ್ಲಿ ಅದು 6 ಮಿ.ಮೀ., ಹೊರಗಿನ ತ್ರಿಜ್ಯ 12 ಮಿ.ಮೀ. ಚಿತ್ರದಲ್ಲಿ ಈ ದುಂಡನ್ನು ಬರೆದ ತಕ್ಷಣ ಪ್ರಶ್ನೆಗೆ ಒಂದು ಉತ್ತರ ಹುಟ್ಟುತ್ತದೆ. ಅಂದಾಜು ಎಷ್ಟಿರಬೇಕು ಎನ್ನುವುದನ್ನೂ ಮೊದಲೇ ಹೇಳಬಹುದು. ಬಾಗಿದ ತೊಲೆಯಲ್ಲಿ ಸ್ಟ್ರೆಸ್ ಒಳಮೈ ಕಡೆಗೆ ಹೆಚ್ಚು ಒತ್ತರಿಸುತ್ತದೆ, ತಿರುವು ತೆಗೆದುಕೊಳ್ಳುವ ಓಟಗಾರರೆಲ್ಲ ಒಳಗಿನ ಗೆರೆಗೇ ನುಗ್ಗಿದ ಹಾಗೆ. ಹಳೆಯ ವಿಂಕ್ಲರ್–ಬಾಕ್ ಸೂತ್ರದಲ್ಲಿ ಒಳತ್ರಿಜ್ಯ 6, ದಪ್ಪ 6 ಎಂದು ಹಾಕಿದರೆ ಒಳಮೈಯ ಸ್ಟ್ರೆಸ್ ನೇರ ಪಟ್ಟಿಯದಕ್ಕಿಂತ 1.29 ಪಟ್ಟು ಬರುತ್ತದೆ. 138ನ್ನು 1.29ರಿಂದ ಗುಣಿಸಿದರೆ 178. ಕಂಪ್ಯೂಟರಿನ ಉತ್ತರ ಇದರ ಆಸುಪಾಸಿನಲ್ಲಿ ನೆಲೆ ನಿಲ್ಲಬೇಕು.

ಈಗ ಮೆಶ್ ಅಧ್ಯಯನಕ್ಕೆ ಬರೋಣ. ಇಡೀ ಬ್ರ್ಯಾಕೆಟಿನಲ್ಲಿ ಅಳತೆಯನ್ನು ಅರ್ಧ ಮಾಡಿದರೆ ಉದ್ದ, ಅಗಲ, ದಪ್ಪ ಮೂರೂ ದಿಕ್ಕಿನಲ್ಲಿ ಎಲಿಮೆಂಟ್‌ಗಳು ಎರಡರಷ್ಟಾಗಿ ಒಟ್ಟು ಎಂಟು ಪಟ್ಟು ಹೆಚ್ಚುತ್ತವೆ. ಎರಡು ಸಲ ಮಾಡಿದರೆ 64 ಪಟ್ಟು, ಸಾಧಾರಣ ಕಂಪ್ಯೂಟರ್ ಅಲ್ಲಿಗೇ ಏದುಸಿರು ಬಿಡುತ್ತದೆ. ಆದ್ದರಿಂದ ಉಳಿದ ಭಾಗವನ್ನು 5 ಮಿ.ಮೀ.ಗೆ ಬಿಟ್ಟು, ಬೆಂಡಿನ ಒಳಮೈ ಮತ್ತು ಅದರ ಸುತ್ತಲಿನ ಲೋಹದಲ್ಲಿ ಮಾತ್ರ ಮೆಶ್ಶನ್ನು ಸಣ್ಣದು ಮಾಡುವುದು ಜಾಣತನ. ಬೆಂಡಿನ ಒಳ ಕಮಾನಿನ ಉದ್ದ ಸುಮಾರು 9.4 ಮಿ.ಮೀ. ಅಲ್ಲಿ 3 ಮಿ.ಮೀ. ಅಳತೆ ಇಟ್ಟರೆ ಕಮಾನಿಗೆ ಮೂರು ಎಲಿಮೆಂಟ್ ಬರುತ್ತವೆ, 1.5 ಇಟ್ಟರೆ ಆರು, 0.75 ಇಟ್ಟರೆ ಹನ್ನೆರಡು ಹದಿಮೂರು.

ಈ ಮೂರು ಮೆಶ್‌ಗಳಲ್ಲಿ ಬೆಂಡಿನ ಒಳಮೈಯಲ್ಲಿ, ಅಗಲದ ನಟ್ಟನಡುವಿನ ಒಂದೇ ಜಾಗದಲ್ಲಿ ಓದಿದ ಸ್ಟ್ರೆಸ್ ಕ್ರಮವಾಗಿ 159, 171, 174 ಎಂದು ಬಂದಿವೆ ಎನ್ನೋಣ. ಓದುವುದು ವಾನ್ ಮಿಸೆಸ್ ಸ್ಟ್ರೆಸ್ಸನ್ನು. ಬೇರೆ ಬೇರೆ ದಿಕ್ಕಿನ ಎಳೆತ ಒತ್ತುಗಳನ್ನೆಲ್ಲ ಒಂದೇ ಅಂಕಿಗೆ ಇಳಿಸಿ ಯೀಲ್ಡ್ ಮಿತಿಯ ಜೊತೆ ಹೋಲಿಸಲು ಬರುವ ಅಳತೆ ಅದು. ಮೊದಲ ಏರಿಕೆ 12, ಎರಡನೆಯದು 3. ಪ್ರತಿ ಹೆಜ್ಜೆಗೂ ಏರಿಕೆ ನಾಲ್ಕನೇ ಒಂದಕ್ಕೆ ಇಳಿಯುತ್ತಿದೆ. ಚೂಪು ಮೂಲೆಯ ಸಾಲಿನಲ್ಲಿ ಏರಿಕೆ 55, 76, 105 ಎಂದು ತಾನೇ ಬೆಳೆಯುತ್ತಿತ್ತು, ಇಲ್ಲಿ ಕರಗುತ್ತಿದೆ. ಒಂದು ಗೆರೆಪಟ್ಟಿಯಲ್ಲಿ ಅಡ್ಡಲಾಗಿ ಎಲಿಮೆಂಟ್‌ಗಳ ಸಂಖ್ಯೆ, ಉದ್ದಕ್ಕೆ ಸ್ಟ್ರೆಸ್ ಗುರುತಿಸಿದರೆ ಒಂದು ಗೆರೆ ಮಟ್ಟಸವಾಗುತ್ತದೆ, ಇನ್ನೊಂದು ಬೆಟ್ಟ ಹತ್ತುತ್ತಲೇ ಇರುತ್ತದೆ.

ಮೂರು ಅಂಕಿಗಳಿದ್ದರೆ ಗೆರೆ ಕೊನೆಗೆ ಎಲ್ಲಿ ಮುಟ್ಟೀತು ಎಂದೂ ಅಂದಾಜಿಸಬಹುದು. ಏರಿಕೆ ಮುಂದೆಯೂ ನಾಲ್ಕನೇ ಒಂದಕ್ಕೆ ಇಳಿಯುತ್ತಾ ಹೋದರೆ ಇನ್ನು ಸೇರಬೇಕಾದದ್ದು ಮುಕ್ಕಾಲು, ಅದರ ನಾಲ್ಕನೇ ಒಂದು, ಮತ್ತೆ ಅದರ ನಾಲ್ಕನೇ ಒಂದು. ಎಲ್ಲ ಕೂಡಿ ಒಂದು.

```
p = log2(12 / 3) = 2
174 + 3 / (2² − 1) = 175
```

ಇದು ಲೂಯಿಸ್ ಫ್ರೈ ರಿಚರ್ಡ್‌ಸನ್ 1911ರಲ್ಲಿ ಕೊಟ್ಟ ಉಪಾಯ. ಗಣಿತದಿಂದ ಹವಾಮಾನ ಹೇಳಲು ಹೊರಟ ಅದೇ ರಿಚರ್ಡ್‌ಸನ್. ಕೊನೆಯ ಮೆಶ್‌ನ 174, ಅಂತಿಮ ಅಂದಾಜು 175, ವ್ಯತ್ಯಾಸ ನೂರಕ್ಕೆ ಒಂದೂ ಇಲ್ಲ. ಕೈಲೆಕ್ಕದ 178ಕ್ಕೆ ಇದು ನೂರಕ್ಕೆ ಎರಡರೊಳಗೆ ಕೂಡಿಬರುತ್ತದೆ. ಮೆಶ್ ಸಾಕಾಯಿತು ಎಂದು ಈಗ ಹೇಳಬಹುದು. ನಿಜ ಹೇಳಬೇಕೆಂದರೆ 1.5 ಮಿ.ಮೀ. ಮೆಶ್ಶೇ ಸಾಕಿತ್ತು, ಅದರ 171 ಅಂತಿಮ ಅಂದಾಜಿಗಿಂತ ಕಡಿಮೆ ಇರುವುದು ನೂರಕ್ಕೆ ಎರಡು ಚಿಲ್ಲರೆ ಮಾತ್ರ. ಪಟ್ಟಿಯ ದಪ್ಪದಲ್ಲಿ, ಹೊರೆಯ ಅಂದಾಜಿನಲ್ಲಿ ಇರುವ ಅನಿಶ್ಚಯ ಅದಕ್ಕಿಂತ ದೊಡ್ಡದು. ಆದರೆ ಸಾಕಿತ್ತು ಎಂದು ತಿಳಿದದ್ದು ಮುಂದಿನ ಹೆಜ್ಜೆ ಇಟ್ಟ ಮೇಲೆಯೇ.

ಎರಡೇ ಮೆಶ್ ನೋಡಿ ತೃಪ್ತಿಪಡುವುದು ಅಪಾಯದ ಅಭ್ಯಾಸ. 3 ಮಿ.ಮೀ.ಯಿಂದ 2.8ಕ್ಕೆ ಇಳಿಸಿ, ಉತ್ತರ ಹೆಚ್ಚು ಬದಲಾಗಲಿಲ್ಲ ಎಂದು ಬರೆದ ವರದಿಗಳು ಬೇಕಾದಷ್ಟಿವೆ. ಮೆಶ್ಶೇ ಬದಲಾಗದಿದ್ದರೆ ಉತ್ತರ ಎಲ್ಲಿಂದ ಬದಲಾಗಬೇಕು? ಅಳತೆ ಅರ್ಧಕ್ಕಾದರೂ ಇಳಿಯಬೇಕು, ಕನಿಷ್ಠ ಮೂರು ಮೆಶ್ ಇರಬೇಕು. ತಂತ್ರಾಂಶ ತೋರಿಸುವ ಗರಿಷ್ಠ ಅಂಕಿಯನ್ನೇ ಹೋಲಿಸುವುದೂ ಸರಿಯಲ್ಲ. ಒಂದು ಮೆಶ್‌ನಲ್ಲಿ ಆ ಗರಿಷ್ಠ ಬೆಂಡಿನಲ್ಲಿರಬಹುದು, ಇನ್ನೊಂದರಲ್ಲಿ ತೂತಿನ ಅಂಚಿಗೆ ಹಾರಿರಬಹುದು. ಜಾಗ ನಿಗದಿ ಮಾಡಿಕೊಂಡು ಅಲ್ಲಿಯದನ್ನೇ ಓದಬೇಕು.

ಮೆಶ್ ಸಾಲದು ಎಂದು ಒಂದೇ ಚಿತ್ರದಿಂದ ಊಹಿಸಲು ಇನ್ನೊಂದು ದಾರಿಯೂ ಇದೆ. ಅಕ್ಕಪಕ್ಕದ ಎರಡು ಎಲಿಮೆಂಟ್‌ಗಳು ಹಂಚಿಕೊಂಡ ನೋಡ್‌ನಲ್ಲಿ ಒಂದೊಂದೂ ತನ್ನದೇ ಸ್ಟ್ರೆಸ್ ಹೇಳುತ್ತದೆ. ತಂತ್ರಾಂಶ ಅವುಗಳ ಸರಾಸರಿ ತೆಗೆದು ನಯವಾದ ಬಣ್ಣ ಬಳಿಯುತ್ತದೆ. ಆ ಸರಾಸರಿಯನ್ನು ನಿಲ್ಲಿಸಿ ನೋಡುವ ಸೌಲಭ್ಯ ಬಹಳಷ್ಟು ತಂತ್ರಾಂಶಗಳಲ್ಲಿ ಇದೆ. ಒಂದೇ ಬಿಂದುವಿಗೆ ಒಂದು ಎಲಿಮೆಂಟ್ 140 ಎಂದು, ಪಕ್ಕದ್ದು 190 ಎಂದು ಹೇಳುತ್ತಿದ್ದರೆ ನಯವಾದ ಚಿತ್ರದ 165ನ್ನು ನಂಬಲು ಕಾರಣವಿಲ್ಲ. ಮೆಶ್ ಸಣ್ಣದಾದಂತೆ ಈ ಜಗಳ ತಣ್ಣಗಾಗಬೇಕು.

ಒರಟು ಮೆಶ್ ನಂಬಿದ್ದಕ್ಕೆ ತೆತ್ತ ಬೆಲೆಗೆ ನಾರ್ವೆಯ ಸ್ಲೈಪ್ನರ್ ಎ ತೈಲ ವೇದಿಕೆಯ ಕಥೆಯನ್ನು ಎಂಜಿನಿಯರಿಂಗ್ ಪಾಠಗಳಲ್ಲಿ ಇಂದಿಗೂ ಹೇಳುತ್ತಾರೆ. 1991ರ ಆಗಸ್ಟ್ 23ರಂದು ಆ ವೇದಿಕೆಯ ಕಾಂಕ್ರೀಟ್ ಬುಡವನ್ನು ಸ್ಟಾವಾಂಗರ್ ಸಮೀಪದ ಕೊಲ್ಲಿಯಲ್ಲಿ ಪರೀಕ್ಷೆಗಾಗಿ ನೀರಿನಲ್ಲಿ ಇಳಿಸುತ್ತಿದ್ದಾಗ ಒಂದು ಗೋಡೆ ಬಿರಿದು, ನೀರು ನುಗ್ಗಿ, ಇಡೀ ರಚನೆ ಮುಳುಗಿತು. ವಿಚಾರಣೆಯಲ್ಲಿ ಕಂಡದ್ದು ಎರಡು ತಪ್ಪು. ಕೋಶಗಳು ಸೇರುವ ಜಾಗದಲ್ಲಿ ಕಬ್ಬಿಣದ ಸರಳುಗಳ ಜೋಡಣೆ ಸಾಲದಾಗಿತ್ತು. ಅದೇ ಜಾಗದ ಫೈನೈಟ್ ಎಲಿಮೆಂಟ್ ಮೆಶ್ ಒರಟಾಗಿದ್ದು, ಎಲಿಮೆಂಟ್‌ಗಳ ಆಕಾರ ಸೊಟ್ಟಗಾಗಿದ್ದು, ಶಿಯರ್ ಸ್ಟ್ರೆಸ್ ನಿಜಕ್ಕಿಂತ ನೂರಕ್ಕೆ 47ರಷ್ಟು ಕಡಿಮೆ ಬಂದಿತ್ತು. ಆಮೇಲೆ ಎಚ್ಚರದಿಂದ ಮಾಡಿದ ಲೆಕ್ಕ ಆ ಗೋಡೆ 62 ಮೀಟರ್ ಆಳದಲ್ಲಿ ಸೋಲುತ್ತದೆ ಎಂದಿತು. ಅದು ಸೋತದ್ದು 65 ಮೀಟರ್‌ನಲ್ಲಿ.

ಮೆಶ್ ನೆಲೆ ನಿಂತಿತು ಎಂದರೆ ಕೊಟ್ಟ ಪ್ರಶ್ನೆಯ ಸಮೀಕರಣಗಳನ್ನು ಸರಿಯಾಗಿ ಬಿಡಿಸಿದ್ದಾಯಿತು ಎಂದಷ್ಟೇ ಅರ್ಥ. ಪ್ರಶ್ನೆಯೇ ತಪ್ಪಾಗಿದ್ದರೆ ಉತ್ತರ ತಪ್ಪಿನ ಮೇಲೆಯೇ ಅಷ್ಟೇ ಚೆನ್ನಾಗಿ ನೆಲೆ ನಿಲ್ಲುತ್ತದೆ. ನಮ್ಮ ಬ್ರ್ಯಾಕೆಟಿನಲ್ಲೇ ಇದಕ್ಕೆ ಒಳ್ಳೆಯ ಉದಾಹರಣೆ ಇದೆ. ಬೋಲ್ಟಿನ ತೂತುಗಳನ್ನು ಕಟ್ಟಿಹಾಕಿ, ಗೋಡೆಯನ್ನು ಮರೆತೆವೆನ್ನಿ. ಹೊರೆ ಬಿದ್ದಾಗ ನಿಂತ ತೋಳಿನ ಕೆಳಭಾಗ ಹಿಂದಕ್ಕೆ ಸರಿಯಲು ನೋಡುತ್ತದೆ. ನಿಜದಲ್ಲಿ ಅಲ್ಲಿ ಗೋಡೆ ಇದೆ, ತಡೆಯುತ್ತದೆ. ಲೆಕ್ಕದಲ್ಲಿ ಗೋಡೆಯಿಲ್ಲದ ಕಾರಣ ತೋಳು ಆ ಜಾಗದೊಳಕ್ಕೆ ತೂರಿಕೊಂಡು ಹೋಗುತ್ತದೆ. ಬೆಂಡ್ ಮುಗಿಯುವಲ್ಲಿಂದ ಬೋಲ್ಟ್‌ಗಳು 60 ಮಿ.ಮೀ. ಮೇಲಿದ್ದರೆ ಕೈಲೆಕ್ಕದ ಪ್ರಕಾರ ಇದು ಸುಮಾರು 0.4 ಮಿ.ಮೀ. ಇಷ್ಟರಿಂದಲೇ ಹೊರೆಯ ಜಾಗ ಕೆಳಗಿಳಿಯುವ ಅಳತೆ ನಿಜದ ಎರಡರಷ್ಟಾದೀತು. ಎಷ್ಟೇ ಸಣ್ಣ ಮೆಶ್ ಹಾಕಿದರೂ ಈ ತಪ್ಪು ಹಾಗೇ ಉಳಿಯುತ್ತದೆ. ಇದಕ್ಕೆ ಹೆದರಿ ಹಿಂಬದಿಯನ್ನೆಲ್ಲ ಗೋಡೆಗೆ ಅಂಟಿಸಿದಂತೆ ಕಟ್ಟಿಹಾಕಿದರೆ ಬೋಲ್ಟಿಗೆ ಕೆಲಸವೇ ಇರುವುದಿಲ್ಲ, ತೋಳೂ ಬಾಗುವುದಿಲ್ಲ. ಗೋಡೆ ತಳ್ಳಬಲ್ಲದು, ಎಳೆದು ಹಿಡಿಯಲಾರದು. ಅದೇ ಗುಣವಿರುವ ಆಸರೆಯನ್ನು ಆರಿಸಿ, ಎಳೆತವನ್ನು ಬೋಲ್ಟಿಗೆ ಬಿಡಬೇಕು.

ಹಾಗೆ ಮಾಡಿದಾಗ ಸರಿಯಾಯಿತೇ ಎಂದು ನೋಡಲು ಆಸರೆಯ ಬಲಗಳನ್ನು ಕೂಡಿಸಿ. ಲಂಬ ದಿಕ್ಕಿನಲ್ಲಿ ಒಟ್ಟು 500 ನ್ಯೂಟನ್ ಬರಬೇಕು. ಹೊರೆ ಗೋಡೆಯ ಮೈಯಿಂದ 86 ಮಿ.ಮೀ. ದೂರದಲ್ಲಿದೆ, ಗೋಡೆ ಒತ್ತುವ ಜಾಗದಿಂದ ಬೋಲ್ಟ್ 60 ಮಿ.ಮೀ. ಮೇಲಿದೆ. ಹಾಗಾದರೆ ಬೋಲ್ಟ್‌ಗಳ ಮೇಲಿನ ಎಳೆತ 500 × 86 ÷ 60, ಸುಮಾರು 717 ನ್ಯೂಟನ್. ಕಂಪ್ಯೂಟರಿನ ಅಂಕಿ ಇದಕ್ಕೆ ಹತ್ತಿರವಿಲ್ಲದಿದ್ದರೆ ಸ್ಟ್ರೆಸ್ಸಿನ ಬಣ್ಣ ನೋಡುವ ಅಗತ್ಯವೇ ಇಲ್ಲ. ವಿರೂಪದ ಚಿತ್ರವನ್ನು ತಂತ್ರಾಂಶ ಹಲವು ಪಟ್ಟು ಹಿಗ್ಗಿಸಿ ತೋರಿಸುತ್ತದೆ. ಅದನ್ನು ಕದಲಿಸಿ ನೋಡಿದರೆ ಇಂಥ ತಪ್ಪು ಕಣ್ಣಿಗೇ ಬೀಳುತ್ತದೆ.

ಎರಡು ತುಂಡು ಪಟ್ಟಿಗಳನ್ನು ವೆಲ್ಡ್ ಮಾಡಿ ಎಲ್ ಮಾಡಿದ ಬ್ರ್ಯಾಕೆಟಾದರೆ ಅಡಚಣೆ ಬೇರೆ. ವೆಲ್ಡಿನ ಅಂಚಿನಲ್ಲಿ ಗೊತ್ತಾದ ತ್ರಿಜ್ಯ ಇರುವುದಿಲ್ಲ, ಅದು ಪ್ರತಿ ಸೆಂಟಿಮೀಟರಿಗೂ ಬದಲಾಗುತ್ತದೆ. ಅಲ್ಲಿ ದುಂಡು ಬರೆದು ಸುಳ್ಳು ನಿಖರತೆ ತರುವ ಬದಲು, ಅಂಚಿನಿಂದ ಸ್ವಲ್ಪ ದೂರದಲ್ಲಿ ಸ್ಟ್ರೆಸ್ ಓದಿ ಅಂಚಿಗೆ ಗೆರೆ ಎಳೆಯುವ ಪದ್ಧತಿ ಇದೆ. ಪಟ್ಟಿಯ ದಪ್ಪದ 0.4 ಪಟ್ಟು ಮತ್ತು 1 ಪಟ್ಟು ದೂರದಲ್ಲಿ, ನಮ್ಮ 6 ಮಿ.ಮೀ. ಪಟ್ಟಿಗೆ 2.4 ಮತ್ತು 6 ಮಿ.ಮೀ.ಯಲ್ಲಿ, ಎರಡು ಅಂಕಿ ಓದುತ್ತಾರೆ. ಅಂಚಿನ ತುದಿಯ ಅಂಕಿ ಮೆಶ್ ಜೊತೆ ಏರುತ್ತಿದ್ದರೂ ಈ ದೂರಗಳ ಅಂಕಿಗಳು ನೆಲೆ ನಿಲ್ಲುತ್ತವೆ. ಪಂಪಿನ ಪಕ್ಕದ ಪೈಪಿನಂತೆ ಹಗಲೂ ರಾತ್ರಿ ಅದುರುವ ಹೊರೆ ಇದ್ದರೆ ಈ ಲೆಕ್ಕ ತುಂಬ ಮುಖ್ಯ, ಏಕೆಂದರೆ ದಣಿವಿನ ಬಿರುಕು ಹುಟ್ಟುವುದು ಇಂಥ ಅಂಚುಗಳಲ್ಲೇ. ಅಲುಗದ ಹೊರೆಯಾದರೆ ಮೈಲ್ಡ್ ಸ್ಟೀಲ್ ಒಂದು ಪುಟ್ಟ ಜಾಗದಲ್ಲಿ ಯೀಲ್ಡ್ ಆಗಿ ಪಕ್ಕದ ಲೋಹಕ್ಕೆ ಭಾರ ದಾಟಿಸಿ ತಾನು ಉಳಿಯುತ್ತದೆ. ನಾವು ಮಾಡಿದ ಸರಳ ಲೆಕ್ಕಕ್ಕೆ ಯೀಲ್ಡ್ ಎಂಬುದೇ ತಿಳಿಯದು. ಅದಕ್ಕೆ 529 ಎಂಬ ಅಂಕಿಯನ್ನು ಅಳುಕಿಲ್ಲದೆ ಬರೆಯಿತು.

ನಮ್ಮ ಬೆಂಡ್ ಮಾಡಿದ ಪಟ್ಟಿಗೆ ಮರಳಿದರೆ, ಯೀಲ್ಡ್ ಮಿತಿ 250ನ್ನು 175ರಿಂದ ಭಾಗಿಸಿದಾಗ ಸಿಗುವುದು 1.43. ಕೈಲೆಕ್ಕದ 1.8 ಬೆಂಡನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಯಾರೋ ಪೈಪಿನ ಮೇಲೆ ಕಾಲಿಟ್ಟು ಹತ್ತಿದರೆ ಹೊರೆ ಎರಡರಷ್ಟಾದೀತು, ಆಗ 1.43 ಸಾಲದು. ಪಟ್ಟಿಯನ್ನು 8 ಮಿ.ಮೀ. ದಪ್ಪಕ್ಕೆ, ಬೆಂಡಿನ ಒಳತ್ರಿಜ್ಯವನ್ನೂ 8ಕ್ಕೆ ಏರಿಸಿದರೆ ಸೆಕ್ಷನ್ ಮಾಡ್ಯುಲಸ್ 533 ಆಗುತ್ತದೆ. ತೋಳಿನ ನಡುವಿನ ದೂರ 84 ಮಿ.ಮೀ., ನೇರ ಪಟ್ಟಿಯ ಸ್ಟ್ರೆಸ್ ಸುಮಾರು 79, ಬೆಂಡಿನ 1.29 ಹಾಗೆಯೇ ಇರುವುದರಿಂದ ಒಳಮೈಯಲ್ಲಿ 102. ಹೊರೆ ಎರಡರಷ್ಟಾದರೂ 204, ಯೀಲ್ಡ್ ಮಿತಿಯ ಒಳಗೆ. ಹೊಸ ಬ್ರ್ಯಾಕೆಟಿಗೆ ಮೆಶ್ ಅಳತೆ ಆರಿಸುವಾಗ ಹಳೆಯ ಅಧ್ಯಯನ ಉಪಯೋಗಕ್ಕೆ ಬರುತ್ತದೆ. ಒಳತ್ರಿಜ್ಯದ ಕಾಲು ಭಾಗ, ಅಂದರೆ ಕಮಾನಿಗೆ ಆರು ಎಲಿಮೆಂಟ್ ಸಾಕೆಂದು ಅಲ್ಲಿ ಕಂಡಿತ್ತು. ಇಲ್ಲಿ ಅದು 2 ಮಿ.ಮೀ. ಅದರಲ್ಲೊಮ್ಮೆ, 1 ಮಿ.ಮೀ.ಯಲ್ಲೊಮ್ಮೆ ಲೆಕ್ಕ ಓಡಿಸಿ ಎರಡೂ 102ರ ಹತ್ತಿರ ಬಂದರೆ, ಡ್ರಾಯಿಂಗ್‌ನಲ್ಲಿ ದಪ್ಪ 8, ಒಳತ್ರಿಜ್ಯ 8 ಎಂದು ಬರೆದು ಬೆಂಡಿಂಗ್ ಅಂಗಡಿಗೆ ಕಳಿಸಬಹುದು.